ಆರು ಶೇಡು, ಒಂದೇ ಬ್ಯಾಚ್ ನಂಬರ್: ಒಂದು ನಕಲಿ ಲಿಪ್‌ಸ್ಟಿಕ್ ಪ್ರಕರಣ

ನಾನು ಇಪ್ಪತ್ತೆರಡು ವರ್ಷ ಆಫ್‌ಸೆಟ್ ಪ್ರೆಸ್‌ನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಜಾಸ್ತಿ ಕೆಲಸ ಡಬ್ಬಿಗಳದ್ದೇ: ಔಷಧದ ಡಬ್ಬಿ, ಸೋಪಿನ ಡಬ್ಬಿ, ಕ್ರೀಮಿನ ಡಬ್ಬಿ. ಮೇಕಪ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಈ ಪ್ರಕರಣ ನನ್ನ ಬಳಿ ಬಂದದ್ದು ಡಬ್ಬಿಯ ಕಾರಣಕ್ಕೆ. ಸಂಬಂಧಪಟ್ಟವರ ಹೆಸರು, ಊರು, ಬಾರ್‌ಕೋಡ್ ಅಂಕಿ ಎಲ್ಲವನ್ನೂ ಬದಲಿಸಿದ್ದೇನೆ. ಕಂಪನಿಯ ಹೆಸರೂ ಇಲ್ಲಿ ಬರುವುದಿಲ್ಲ. ನಕಲು ಮಾಡಿದವರು ಬೇರೆ, ಕಂಪನಿ ಬೇರೆ.

ಪಾರ್ಸಲ್ ಬಂದ ದಿನ

ಸುಮಾ ನಮ್ಮ ಬೀದಿಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮದುಮಗಳ ಮೇಕಪ್ಪಿಗೆ ಹತ್ತಿರದ ತಾಲ್ಲೂಕುಗಳಿಂದಲೂ ಅವಳನ್ನು ಕರೆಯುತ್ತಾರೆ. ಸಾಮಾನು ತರಿಸುವುದು ಜಿಲ್ಲೆಯ ಡಿಸ್ಟ್ರಿಬ್ಯೂಟರ್ ಒಬ್ಬರಿಂದ. ಅವಳು ಹೆಚ್ಚು ಬಳಸುವ ಒಂದು ಲಿಕ್ವಿಡ್ ಲಿಪ್‌ಸ್ಟಿಕ್ಕಿಗೆ ಎಂಆರ್‌ಪಿ 799 ರೂಪಾಯಿ. ಡಿಸ್ಟ್ರಿಬ್ಯೂಟರ್ ಅವಳಿಗೆ 600ರ ಆಸುಪಾಸಿನಲ್ಲಿ ಕೊಡುತ್ತಿದ್ದರು.

ಯುಗಾದಿ ಮುಗಿದು ಮದುವೆ ಶುರುವಾಗುವ ಹೊತ್ತಿಗೆ ಅವರ ಬಳಿ ಸ್ಟಾಕ್ ಖಾಲಿಯಾಗಿತ್ತು. ಬ್ಯೂಟಿಷಿಯನ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಬೆಂಗಳೂರಿನ ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ನಂಬರ್ ಹಾಕಿದ್ದರು. ಅದೇ ಲಿಪ್‌ಸ್ಟಿಕ್ ಅವನ ಬಳಿ 310 ರೂಪಾಯಿ. ಆರು ಶೇಡು, ಒಂದೊಂದರಲ್ಲಿ ನಾಲ್ಕು, ಒಟ್ಟು 24 ಪೀಸು. ಸುಮಾ 7,440 ರೂಪಾಯಿ ಫೋನಿನಲ್ಲೇ ಕಳಿಸಿದಳು. ಮಾರನೇ ದಿನ ಬೆಳಿಗ್ಗೆ ಬಸ್ಸಿನ ಪಾರ್ಸಲ್‌ನಲ್ಲಿ ಮಾಲು ಬಂತು. ಜೊತೆಗೆ ಒಂದು ಕಚ್ಚಾ ಚೀಟಿ ಇತ್ತು. ಅದರಲ್ಲಿ ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ.

ಬೆಲೆ ಅರ್ಧಕ್ಕಿಂತ ಕಡಿಮೆ ಇತ್ತಲ್ಲ, ಆಗಲೇ ಅನುಮಾನ ಬರಲಿಲ್ವಾ ಎಂದು ಆಮೇಲೆ ಎಲ್ಲರೂ ಅವಳನ್ನು ಕೇಳಿದರು. ಆ ಪ್ರಶ್ನೆ ನನಗೆ ಸರಿ ಅನಿಸಲಿಲ್ಲ. ಈ ವ್ಯಾಪಾರದಲ್ಲಿ ಎಕ್ಸ್‌ಪೈರಿ ಹತ್ತಿರ ಬಂದ ಮಾಲು, ಹಳೇ ಪ್ಯಾಕಿಂಗಿನ ಮಾಲು ನಿಜವಾಗಿಯೂ ಅರ್ಧ ಬೆಲೆಗೆ ಸಿಗುತ್ತದೆ. ಅವಳು ಹಿಂದೆ ಹಾಗೆ ಕೊಂಡದ್ದೂ ಇದೆ, ಅದೆಲ್ಲ ಅಸಲಿಯೇ ಆಗಿತ್ತು. ಬೆಲೆ ಒಂದನ್ನೇ ನೋಡಿ ಹೇಳುವುದು ಕಷ್ಟ.

ಐದನೇ ಮದುವೆಯಲ್ಲಿ ತೊಂದರೆ ಕಾಣಿಸಿತು. ಮದುಮಗಳ ತಂಗಿಗೆ ಹಚ್ಚಿದ ಲಿಪ್‌ಸ್ಟಿಕ್ ಒಣಗಲೇ ಇಲ್ಲ. ಧಾರೆಯ ಹೊತ್ತಿಗೆ ತುಟಿ ಉರಿಯತೊಡಗಿತು. ರಾತ್ರಿ ಊದಿಕೊಂಡಿತು, ಮೂರನೇ ದಿನ ಸಿಪ್ಪೆ ಏಳಲು ಶುರುವಾಯಿತು. ಅವರು ಚರ್ಮದ ಡಾಕ್ಟರ ಬಳಿ ಹೋದರು. ಡಾಕ್ಟರು ಕಾಂಟ್ಯಾಕ್ಟ್ ಅಲರ್ಜಿ ಇರಬಹುದು ಎಂದರು. ಅಸಲಿ ಲಿಪ್‌ಸ್ಟಿಕ್ಕಿನಿಂದಲೂ ಕೆಲವರಿಗೆ ಹೀಗಾಗುತ್ತದೆ ಎಂದೂ ಹೇಳಿದರು. ಹಾಗಾಗಿ ತುಟಿ ಉರಿದದ್ದು ನಕಲಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಆದರೆ ಅನುಮಾನ ಶುರುವಾದದ್ದು ಅಲ್ಲಿಂದಲೇ.

ಅಂದು ಸಂಜೆ ಸುಮಾ ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದಳು.

"ಅಣ್ಣಾ, ನೀವು ಡಬ್ಬಿ ಪ್ರಿಂಟ್ ಮಾಡ್ತಿದ್ರಲ್ಲ, ಇದನ್ನ ಸ್ವಲ್ಪ ನೋಡಿ ಹೇಳ್ತೀರಾ?"

ಅಕ್ಷರ ದಪ್ಪ ಯಾಕಾಯಿತು

ಹೋಲಿಸಲು ಒಂದು ಅಸಲಿ ಇದ್ದದ್ದು ನಮ್ಮ ಅದೃಷ್ಟ. ಕಂಪನಿಯದೇ ಕೌಂಟರಿನಲ್ಲಿ ಬಿಲ್ ಸಮೇತ ಕೊಂಡ ಒಂದು ಪೀಸು ಅವಳ ಬಳಿ ಡಬ್ಬಿ ಸಮೇತ ಉಳಿದಿತ್ತು. ಎರಡನ್ನೂ ಟೇಬಲ್ ಲೈಟಿನ ಕೆಳಗೆ ಪಕ್ಕಪಕ್ಕ ಇಟ್ಟೆ. ಬರಿಗಣ್ಣಿಗೆ ಎರಡೂ ಒಂದೇ. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಸ ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳು ಚೂರು ದಪ್ಪಗೆ ಕಂಡವು. ಕಪ್ಪು ಪಟ್ಟಿಯ ಮೇಲಿನ ಬಿಳಿ ಅಕ್ಷರಗಳು ಮಾತ್ರ ಅದಕ್ಕೆ ತಿರುಗಾಮುರುಗಾ, ಅಸಲಿಗಿಂತ ತೆಳ್ಳಗಿದ್ದವು.

ಪ್ರೆಸ್‌ನಲ್ಲಿ ಇದ್ದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಕಂಪನಿ ಡಬ್ಬಿ ಮಾಡಿಸುವಾಗ ಅಕ್ಷರಗಳು ಕಂಪ್ಯೂಟರ್ ಫೈಲಿನಿಂದ ನೇರವಾಗಿ ಪ್ಲೇಟಿಗೆ ಹೋಗುತ್ತವೆ. ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತದೆ. ನಕಲು ಮಾಡುವವನ ಬಳಿ ಆ ಫೈಲು ಇರುವುದಿಲ್ಲ. ಅವನು ಒಂದು ಅಸಲಿ ಡಬ್ಬಿಯನ್ನು ಬಿಚ್ಚಿ, ಮಟ್ಟಸ ಮಾಡಿ, ಸ್ಕ್ಯಾನ್ ಮಾಡುತ್ತಾನೆ. ಅಸಲಿಯಲ್ಲೇ ಇಂಕು ಕಾಗದದ ಮೇಲೆ ಕೂದಲೆಳೆಯಷ್ಟು ಹರಡಿರುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಪ್ರಿಂಟ್ ಮಾಡಿದಾಗ ಇಂಕು ಇನ್ನೊಮ್ಮೆ ಹರಡುತ್ತದೆ. ಕಪ್ಪು ಅಕ್ಷರ ಹೊರಗೆ ಉಬ್ಬಿ ದಪ್ಪವಾಗುತ್ತದೆ. ಕಪ್ಪಿನ ನಡುವಿನ ಬಿಳಿ ಅಕ್ಷರದ ಒಳಕ್ಕೆ ಸುತ್ತಲಿನ ಕಪ್ಪು ನುಗ್ಗುವುದರಿಂದ ಅದು ಸಣ್ಣಗಾಗುತ್ತದೆ. ಬೇರೆ ಫಾಂಟ್ ಹಾಕಿದ್ದರೆ ಎರಡೂ ಒಂದೇ ಕಡೆಗೆ ಬದಲಾಗಬೇಕಿತ್ತು. ಒಂದು ದಪ್ಪ, ಇನ್ನೊಂದು ತೆಳು ಎಂದರೆ ಅದು ನಕಲಿನ ನಕಲು ಎನ್ನುವ ಅನುಮಾನ ಗಟ್ಟಿಯಾಗುತ್ತದೆ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ನನ್ನ ಹಳೇ ಲೂಪ್ ತೆಗೆದೆ. ಅಸಲಿಯಲ್ಲಿ ಸಣ್ಣ ಅಕ್ಷರಗಳು ಬರೀ ಕಪ್ಪು ಇಂಕಿನವು, ಗಟ್ಟಿ ಕಪ್ಪು. ಹೊಸದರಲ್ಲಿ ಅಕ್ಷರದ ಅಂಚಿನ ಸುತ್ತ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಕಂಡವು. ಸ್ಕ್ಯಾನ್ ಮಾಡಿದ ಚಿತ್ರವನ್ನು ನಾಲ್ಕು ಬಣ್ಣಕ್ಕೆ ಒಡೆದು ಪ್ರಿಂಟ್ ಮಾಡಿದಾಗ ಕಪ್ಪು ಅಕ್ಷರವೂ ಚುಕ್ಕೆಗಳ ರಾಶಿಯಾಗಿ ಬರುತ್ತದೆ. ಲೂಪ್ ಇಲ್ಲದವರು ಫೋನಿನ ಮ್ಯಾಕ್ರೋ ಕ್ಯಾಮೆರಾದಲ್ಲೂ ಇದನ್ನು ನೋಡಬಹುದು, ಬೆಳಕು ಚೆನ್ನಾಗಿರಬೇಕು ಅಷ್ಟೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಬಿಟ್ಟರೆ ಈ ಪ್ರಕರಣ ಅರ್ಧ ಹೇಳಿದ ಹಾಗೆ. ಸುಮಾಳ ಚೀಲದಲ್ಲಿ ಅದೇ ಕಂಪನಿಯ ಒಂದು ಕಾಜಲ್ ಕೂಡ ಇತ್ತು. ಊರಿನ ಮೆಡಿಕಲ್ ಶಾಪಿನಲ್ಲಿ ಬಿಲ್ ಪಡೆದು ಕೊಂಡದ್ದು. ಅದರ ಅಕ್ಷರಗಳೂ ಅವಳ ಹಳೇ ಕಾಜಲ್ ಡಬ್ಬಿಗಿಂತ ದಪ್ಪಗಿದ್ದವು. ನಾನು ಹುರುಪಿನಲ್ಲಿ "ಇದೂ ಡೂಪ್ಲಿಕೇಟೇ ಕಣಮ್ಮ" ಎಂದುಬಿಟ್ಟೆ. ಅವಳು ಮಾರನೇ ದಿನ ಅಂಗಡಿಗೆ ಹೋಗಿ ಜಗಳ ಮಾಡಿ ಬಂದಳು. ಆಮೇಲೆ ಕಂಪನಿಯಿಂದ ಉತ್ತರ ಬಂದಾಗ ಆ ಕಾಜಲ್ ಅಸಲಿ ಎಂದು ಗೊತ್ತಾಯಿತು. ಅವರು ಡಬ್ಬಿ ಪ್ರಿಂಟ್ ಮಾಡುವ ಪ್ರೆಸ್ ಬದಲಿಸಿದ್ದರು, ಅಕ್ಷರವನ್ನೂ ಬೇಕೆಂದೇ ದಪ್ಪ ಮಾಡಿಸಿದ್ದರು. ನಾನೇ ಅಂಗಡಿಗೆ ಹೋಗಿ ಆ ಯಜಮಾನರ ಕ್ಷಮೆ ಕೇಳಿದೆ. ನಲವತ್ತು ವರ್ಷದಿಂದ ಅಂಗಡಿ ಇಟ್ಟವರು ಅವರು. "ನನ್ನ ಅಂಗಡಿ ಮುಂದೆ ನಾಲ್ಕು ಜನ ನಿಂತು ನೋಡಿದ್ರಲ್ಲ ಸರ್" ಎಂದಷ್ಟೇ ಹೇಳಿದರು.

ಕಾಜಲ್ ಡಬ್ಬಿಯನ್ನು ಅವತ್ತು ಲೂಪ್‌ನಲ್ಲಿ ನೋಡಿದ್ದರೆ ಗಟ್ಟಿ ಕಪ್ಪು ಅಕ್ಷರ, ಚೂಪು ಅಂಚು ಕಾಣುತ್ತಿದ್ದವು. ಬಿಳಿ ಅಕ್ಷರವೂ ದಪ್ಪಗೇ ಇತ್ತು, ತೆಳ್ಳಗಾಗಿರಲಿಲ್ಲ. ನಾನು ದಪ್ಪವನ್ನು ಮಾತ್ರ ನೋಡಿದ್ದೆ, ದಪ್ಪವಾದದ್ದು ಹೇಗೆ ಎಂದು ನೋಡಿರಲಿಲ್ಲ. ಆಮೇಲೆ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಗುರುತು ಸಿಗುವವರೆಗೂ ಯಾವುದನ್ನೂ ನಕಲಿ ಎಂದು ಬಾಯಿ ಬಿಟ್ಟು ಹೇಳಬಾರದು.

ಗೆರೆ ಒಂದು ಹೇಳುತ್ತದೆ, ಅಂಕಿ ಇನ್ನೊಂದು

ಎರಡನೇ ಸಂಜೆ ಬಾರ್‌ಕೋಡ್ ನೋಡಲು ಕೂತೆವು. ಸುಮಾ ಅದನ್ನು ಮೊದಲೇ ನೋಡಿಕೊಂಡಿದ್ದಳು.

"890 ಅಂತ ಶುರುವಾಗುತ್ತೆ ಅಣ್ಣಾ. 890 ಇದ್ರೆ ಇಂಡಿಯಾದ್ದು, ಒರಿಜಿನಲ್ಲು ಅಂತ ವಿಡಿಯೋದಲ್ಲಿ ಹೇಳಿದ್ರು."

ಈ ತಿಳಿವಳಿಕೆ ಬಹಳ ಜನರಲ್ಲಿದೆ, ಆದರೆ ಅದು ಪೂರ್ತಿ ಸರಿಯಲ್ಲ. ಮೊದಲ ಮೂರು ಅಂಕಿ ಹೇಳುವುದು ಆ ಕಂಪನಿ ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್1 ಸಂಸ್ಥೆಯ ಯಾವ ದೇಶದ ಶಾಖೆಯಲ್ಲಿ ನೋಂದಾಯಿಸಿಕೊಂಡಿದೆ ಎನ್ನುವುದನ್ನು ಮಾತ್ರ. 890 ಭಾರತದ್ದು, 690ರಿಂದ 699 ಚೀನಾದ್ದು, 880 ದಕ್ಷಿಣ ಕೊರಿಯಾದ್ದು. ಮಾಲು ಎಲ್ಲಿ ತಯಾರಾಯಿತು ಎನ್ನುವುದು ಅದರಲ್ಲಿಲ್ಲ. ಫ್ರಾನ್ಸಿನ ಕಂಪನಿ ಚೀನಾದಲ್ಲಿ ಮಾಡಿಸಿದರೂ ಅದರ ಕೋಡ್ ಫ್ರಾನ್ಸಿನದೇ ಇರಬಹುದು. ಇನ್ನು ನಕಲು ಮಾಡುವವನಿಗೆ 890 ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಮೊದಲ ಮೂರು ಅಂಕಿಯಿಂದ ನಮಗೆ ಏನೂ ಸಿಗಲಿಲ್ಲ.

ಸಿಕ್ಕಿದ್ದು ಕೊನೆಯ ಅಂಕಿಯಿಂದ. ಹದಿಮೂರು ಅಂಕಿಯ ಬಾರ್‌ಕೋಡಿನಲ್ಲಿ ಕೊನೆಯದು ತಾಳೆಯ ಅಂಕಿ. ಮೊದಲ ಹನ್ನೆರಡು ಅಂಕಿಗಳಿಂದ ಲೆಕ್ಕ ಹಾಕಿ ಬರುವ ಅಂಕಿ ಅದು. ಎಡದಿಂದ ಒಂದು, ಮೂರು, ಐದು ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಬೇಕು. ಎರಡು, ನಾಲ್ಕು, ಆರು ಹೀಗೆ ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಬೇಕು. ಎರಡನ್ನೂ ಸೇರಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ ಬೀಳುತ್ತದೋ ಅದೇ ಕೊನೆಯ ಅಂಕಿ ಆಗಿರಬೇಕು. ಕಡಿಮೆಯೇ ಬೀಳದಿದ್ದರೆ ಸೊನ್ನೆ.

ಅಂಕಿ ಬದಲಿಸಿ ಹೇಳುವುದಾದರೆ, ಒಂದು ಶೇಡಿನ ಡಬ್ಬಿಯ ಮೇಲೆ ಹೀಗಿತ್ತು ಎಂದಿಟ್ಟುಕೊಳ್ಳಿ:

```
8901234567890
```

ಬೆಸ ಸ್ಥಾನಗಳು 8, 0, 2, 4, 6, 8 ಸೇರಿ 28. ಸಮ ಸ್ಥಾನಗಳು 9, 1, 3, 5, 7, 9 ಸೇರಿ 34, ಅದರ ಮೂರರಷ್ಟು 102. ಒಟ್ಟು 130. ಅದು ಹತ್ತರ ಗುಣಕವೇ, ಆದ್ದರಿಂದ ಕೊನೆಯ ಅಂಕಿ ಸೊನ್ನೆ. ಸರಿಯಾಗಿದೆ. ಇನ್ನೊಂದು ಶೇಡಿನ ಡಬ್ಬಿಯ ಮೇಲೆ ಹೀಗಿತ್ತು:

```
8901234567870
```

ಇಲ್ಲಿ ಹನ್ನೆರಡನೇ ಅಂಕಿ 9ರ ಬದಲು 7. ಬೆಸ ಸ್ಥಾನಗಳದ್ದು ಅದೇ 28. ಸಮ ಸ್ಥಾನಗಳು ಸೇರಿ 32, ಮೂರರಷ್ಟು 96. ಒಟ್ಟು 124. ಮುಂದಿನ ಹತ್ತರ ಗುಣಕ 130, ಅದಕ್ಕೆ 6 ಕಡಿಮೆ. ಹಾಗಾದರೆ ಕೊನೆಯಲ್ಲಿ 6 ಇರಬೇಕಿತ್ತು. ಇದ್ದದ್ದು ಸೊನ್ನೆ. ಆರು ಶೇಡುಗಳಲ್ಲಿ ಐದರದ್ದು ಹೀಗೆಯೇ ತಪ್ಪಿತ್ತು.

"ಲೆಕ್ಕ ತಪ್ಪಿದ್ರೆ ಸ್ಕ್ಯಾನ್ ಆಗಬಾರ್ದು ಅಲ್ವಾ ಅಣ್ಣಾ?" ಎಂದಳು ಸುಮಾ. ಒಳ್ಳೇ ಪ್ರಶ್ನೆ ಅದು. ಫೋನಿನಲ್ಲಿ ಬಾರ್‌ಕೋಡ್ ಓದುವ ಆ್ಯಪ್ ತೆರೆದು ಸ್ಕ್ಯಾನ್ ಮಾಡಿದಳು. ಟಿಣ್ ಎಂದು ಸದ್ದು ಬಂತು, ಸ್ಕ್ಯಾನ್ ಆಯಿತು. ಆದರೆ ಪರದೆಯ ಮೇಲೆ ಬಂದ ಸಂಖ್ಯೆ ಡಬ್ಬಿಯ ಮೇಲಿದ್ದದ್ದಲ್ಲ. ಮೊದಲನೇ ಶೇಡಿನ ಸಂಖ್ಯೆ, ಸೊನ್ನೆಯಲ್ಲಿ ಮುಗಿಯುವ ಆ 8901234567890. ಆರೂ ಶೇಡುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದೆವು. ಆರಕ್ಕೂ ಅದೇ ಬಂತು.

ಏನು ನಡೆದಿದೆ ಎನ್ನುವುದು ಆಗ ಕಣ್ಣಿಗೆ ಕಟ್ಟಿದ ಹಾಗಾಯಿತು. ಅವರು ಸ್ಕ್ಯಾನ್ ಮಾಡಿದ್ದು ಒಂದೇ ಒಂದು ಅಸಲಿ ಡಬ್ಬಿಯನ್ನು. ಗೆರೆಗಳನ್ನು ಹಾಗೇ ಬಿಟ್ಟು, ಕೆಳಗಿನ ಅಂಕಿಯಲ್ಲಿ ಒಂದನ್ನು ಮಾತ್ರ ಕೈಯಿಂದ ತಿದ್ದಿ, ಬೇರೆ ಬೇರೆ ಶೇಡು ಎಂದು ತೋರಿಸಿದ್ದಾರೆ. ಅಂಗಡಿಯ ಬಿಲ್ಲಿಂಗಿಗೆ ಸುಲಭವಾಗಲಿ ಎಂದು ಅಸಲಿ ಕಂಪನಿಗಳು ಒಂದೊಂದು ಶೇಡಿಗೆ ಒಂದೊಂದು ಕೋಡ್ ಕೊಡುತ್ತವೆ. ಆರು ಶೇಡಿಗೆ ಒಂದೇ ಕೋಡ್ ಎಂದರೆ ಯಾವ ಅಂಗಡಿಯವನಿಗೂ ಸ್ಟಾಕ್ ಲೆಕ್ಕ ಸಿಗುವುದಿಲ್ಲ.

ಇದಕ್ಕೂ ಒಂದು ಮಿತಿ ಇದೆ. ಆರು ಅಸಲಿ ಡಬ್ಬಿಗಳನ್ನೂ ತಂದು ಆರು ಕೋಡುಗಳನ್ನೂ ಸರಿಯಾಗಿ ನಕಲು ಮಾಡಿದ್ದರೆ ನಮ್ಮ ಲೆಕ್ಕವೆಲ್ಲ ತಾಳೆಯಾಗುತ್ತಿತ್ತು. ತಪ್ಪಾದ ಬಾರ್‌ಕೋಡ್ ನಕಲಿಯನ್ನು ಹಿಡಿದುಕೊಡುತ್ತದೆ, ಸರಿಯಾದ ಬಾರ್‌ಕೋಡ್ ಅಸಲಿ ಎಂದು ಪ್ರಮಾಣ ಮಾಡುವುದಿಲ್ಲ.

ಅದೇ ಸಂಜೆ ಬ್ಯಾಚ್ ನಂಬರ್ ಕೂಡ ಸಿಕ್ಕಿಬಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಗುರುತು ಅದೇ. ಡಬ್ಬಿ ಪ್ರಿಂಟ್ ಆಗುವುದು ಪ್ರೆಸ್‌ನಲ್ಲಿ. ಬ್ಯಾಚ್ ನಂಬರ್, ತಯಾರಾದ ತಿಂಗಳು ಇವೆಲ್ಲ ಬೀಳುವುದು ಮಾಲು ತುಂಬುವ ಫ್ಯಾಕ್ಟರಿಯಲ್ಲಿ, ಬೇರೆ ಯಂತ್ರದಿಂದ. ಅಸಲಿ ಡಬ್ಬಿಯಲ್ಲಿ ಅದು ಇಂಕ್‌ಜೆಟ್‌ನ ಬಿಡಿ ಚುಕ್ಕೆಗಳಲ್ಲಿತ್ತು, ಸ್ವಲ್ಪ ಓರೆಯಾಗಿ ಕೂತಿತ್ತು. ನನ್ನ ಮುಂದಿದ್ದ ಇಪ್ಪತ್ತನಾಲ್ಕು ಡಬ್ಬಿಗಳಲ್ಲಿ ಬ್ಯಾಚ್ ನಂಬರ್ ಕೂಡ ಉಳಿದ ಅಕ್ಷರಗಳ ಜೊತೆಗೇ ಪ್ರಿಂಟ್ ಆಗಿತ್ತು, ಅದೇ ಬಣ್ಣದ ಚುಕ್ಕೆಗಳಲ್ಲಿ. ಸ್ಕೇಲ್ ಇಟ್ಟು ಅಳೆದೆ. ಅಂಚಿನಿಂದ ದೂರ ಎಲ್ಲದರಲ್ಲೂ ಒಂದೇ. ನಂಬರ್ ಕೂಡ ಒಂದೇ, ಆರೂ ಶೇಡಿಗೆ! ಒಂದೊಂದು ಬಣ್ಣವನ್ನು ಬೇರೆ ಬೇರೆಯಾಗಿ ಕಲಸಿ ತುಂಬುತ್ತಾರೆ. ಕೆಂಪು ಕಲಸಿದ ಪಾತ್ರೆಯಿಂದಲೇ ಕಂದು ಬಣ್ಣವೂ ಬಂತು ಎನ್ನಲು ಆಗುವುದಿಲ್ಲವಲ್ಲ. ಟ್ಯೂಬಿನ ತಳದಲ್ಲಿದ್ದ ನಂಬರ್ ನೋಡಿದರೆ ಅದು ಡಬ್ಬಿಯ ನಂಬರಿಗೂ ಹೊಂದುತ್ತಿರಲಿಲ್ಲ.

ಅರ್ಧ ಹೆಸರಿನ ಪದಾರ್ಥ

ಇನ್ನೊಂದು ಗುರುತು ಬೇಕಿತ್ತು. ಅಕ್ಷರ ಮತ್ತು ಬಾರ್‌ಕೋಡ್ ಎರಡೂ ಒಂದೇ ಸ್ಕ್ಯಾನಿನ ಕಥೆ ಹೇಳುತ್ತಿದ್ದವು. ಒಳಗಿನ ಮಾಲಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ನನ್ನ ಹಳೇ ಪರಿಚಯದ ಒಬ್ಬರು ಮೇಡಂ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಪದಾರ್ಥಗಳ ಪಟ್ಟಿಯ ಫೋಟೋ ತೆಗೆದು ಅವರಿಗೆ ಕಳಿಸಿದೆ. ಅವರು ಎರಡೂ ಡಬ್ಬಿ ತರಲು ಹೇಳಿದರು.

ಅವರು ಮೊದಲು ಹೇಳಿದ್ದು ಪಟ್ಟಿಯ ಕ್ರಮದ ಬಗ್ಗೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರಬೇಕು, ಶೇಕಡ ಒಂದರವರೆಗಿನ ಚಿಕ್ಕಪುಟ್ಟವು ಕೊನೆಗೆ ಯಾವ ಕ್ರಮದಲ್ಲಾದರೂ ಬರಬಹುದು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳೂ ಹೀಗೇ ಹೇಳುತ್ತವೆ. ಬಣ್ಣಗಳು ಸಾಮಾನ್ಯವಾಗಿ ಕೊನೆಯಲ್ಲಿ ಸಂಖ್ಯೆಯ ರೂಪದಲ್ಲಿ ಇರುತ್ತವೆ. ನಮ್ಮ ಡಬ್ಬಿಯ ಕ್ರಮ ಸರಿಯೇ ಇತ್ತು. ಇರಲೇಬೇಕು, ಅಸಲಿಯಿಂದ ಎತ್ತಿದ್ದಲ್ಲವೇ.

ಆರೂ ಶೇಡಿಗೆ ಒಂದೇ ಪಟ್ಟಿ ಇದೆ, ಇದು ತಪ್ಪಲ್ವಾ ಎಂದು ಸುಮಾ ಕೇಳಿದಳು. ತಪ್ಪಲ್ಲ ಎಂದರು ಮೇಡಂ. ಎಲ್ಲಾ ಶೇಡುಗಳಿಗೂ ಒಂದೇ ಪಟ್ಟಿ ಹಾಕಿ, ಬಣ್ಣಗಳ ಮುಂದೆ "ಇರಬಹುದು" ಎಂದು ಬರೆಯುವುದು ಅಸಲಿ ಕಂಪನಿಗಳಲ್ಲೂ ರೂಢಿ. ಅದನ್ನು ಗುರುತು ಎಂದು ಹಿಡಿಯಬಾರದು.

ಆಮೇಲೆ ಅವರು ಪೆನ್ಸಿಲಿನಲ್ಲಿ ಒಂದು ಕಡೆ ಗೆರೆ ಎಳೆದರು. ಸುವಾಸನೆಗೆ ಬರೆಯುವ ಪದ Parfum. ನಮ್ಮ ಡಬ್ಬಿಯಲ್ಲಿ Parfurn ಎಂದಿತ್ತು. ಕೊನೆಯ m ಒಡೆದು r ಮತ್ತು n ಆಗಿತ್ತು. ಸಣ್ಣ ಅಕ್ಷರದಲ್ಲಿ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಟೈಪ್ ಮಾಡುವವರು ಈ ತಪ್ಪು ಮಾಡುವುದಿಲ್ಲ. ಚಿತ್ರದಿಂದ ಅಕ್ಷರ ಓದಿಸುವ ಸಾಫ್ಟ್‌ವೇರ್ ಮಾಡುವ ತಪ್ಪು ಇದು. ಬಣ್ಣದ ಸಂಖ್ಯೆಗಳಲ್ಲೂ ಅದೇ ಕಥೆ. CI 77491 ಎಂದಿರಬೇಕಾದ ಕಡೆ ದೊಡ್ಡ I ಬದಲು ಸಣ್ಣ l ಕೂತಿತ್ತು. ಪಕ್ಕದ ದೊಡ್ಡ ಅಕ್ಷರಗಳಿಗಿಂತ ಅದು ಕೂದಲೆಳೆಯಷ್ಟು ಎತ್ತರವಾಗಿತ್ತು. ನಕಲು ಮಾಡಿದವರು ಪಟ್ಟಿಯನ್ನು ಸ್ಕ್ಯಾನ್ ಚಿತ್ರವಾಗಿ ಬಿಡದೆ, ಅಕ್ಷರವಾಗಿ ಓದಿಸಿ ಮತ್ತೆ ಜೋಡಿಸಿದ್ದರು.

ಅಚ್ಚಿನ ತಪ್ಪು ಅಸಲಿ ಡಬ್ಬಿಯಲ್ಲೂ ಒಮ್ಮೊಮ್ಮೆ ಬರುತ್ತದೆ. ನಾನೇ ಅಂಥ ಡಬ್ಬಿಗಳನ್ನು ಸಾವಿರಗಟ್ಟಲೆ ಪ್ರಿಂಟ್ ಮಾಡಿ ಆಮೇಲೆ ರದ್ದಿಗೆ ಹಾಕಿದ್ದೇನೆ. ಆದರೆ ಮೇಡಂ ಮುಂದೆ ತೋರಿಸಿದ್ದು ಅಚ್ಚಿನ ತಪ್ಪಾಗಿರಲಿಲ್ಲ. ಅಸಲಿ ಪಟ್ಟಿಯಲ್ಲಿ ಡಿಸ್ಟಿಯರ್‌ಡಿಮೋನಿಯಮ್ ಹೆಕ್ಟೊರೈಟ್ ಎಂಬ ಒಂದು ಪದಾರ್ಥವಿತ್ತು. ಜೇಡಿಯಿಂದ ಮಾಡಿದ್ದು, ದ್ರವವನ್ನು ಮಂದ ಮಾಡಲು ಹಾಕುತ್ತಾರೆ. ಅಸಲಿ ಡಬ್ಬಿಯಲ್ಲಿ ಮೊದಲ ಪದಕ್ಕೆ ಸಾಲು ಮುಗಿದು, ಎರಡನೇ ಪದ ಮುಂದಿನ ಸಾಲಿಗೆ ಹೋಗಿತ್ತು. ನಕಲಿಯಲ್ಲಿ ಆ ಇಡೀ ಸಾಲು ಬಿಟ್ಟುಹೋಗಿತ್ತು. ಅರ್ಧ ಹೆಸರು ಬಂದು, ಅದರ ಮುಂದೆ ಅಲ್ಪವಿರಾಮ, ಆಮೇಲೆ ಪ್ರಿಸರ್ವೇಟಿವ್‌ನ ಹೆಸರು.

"ಇದನ್ನ ಯಾವ ಕೆಮಿಸ್ಟೂ ಓದಿ ಸಹಿ ಹಾಕಿಲ್ಲ" ಎಂದರು ಮೇಡಂ. "ಅರ್ಧ ಹೆಸರಿನ ಪದಾರ್ಥ ಅಂತ ಯಾವುದೂ ಇಲ್ಲ."

ಕೊನೆಗೆ ಪಟ್ಟಿಯನ್ನು ಒಳಗಿನ ಮಾಲಿನ ಜೊತೆ ಹೋಲಿಸಿದರು. ಎರಡೂ ಪಟ್ಟಿಯಲ್ಲಿ ಮೊದಲ ಹೆಸರು ಐಸೊಡೊಡೆಕೇನ್, ಅದರ ಹಿಂದೆ ಒಂದು ಸಿಲಿಕೋನ್ ರಾಳ. ಐಸೊಡೊಡೆಕೇನ್ ಬೇಗ ಆರಿಹೋಗುವ ದ್ರವ. ಅದು ಆರಿದ ಮೇಲೆ ರಾಳ ಬಣ್ಣವನ್ನು ತುಟಿಗೆ ಪೊರೆಯ ಹಾಗೆ ಹಿಡಿದಿಡುತ್ತದೆ. ನೀರಿಗೆ ಅದು ಹೋಗುವುದಿಲ್ಲ, ಎಣ್ಣೆ ಬೇಕು. ಮೇಡಂ ಗ್ಲೌಸ್ ಹಾಕಿಕೊಂಡು ಎರಡು ಗಾಜಿನ ಸ್ಲೈಡಿನ ಮೇಲೆ ಒಂದೊಂದು ಗೆರೆ ಎಳೆದರು. ಅಸಲಿ ಒಂದೆರಡು ನಿಮಿಷದಲ್ಲಿ ಒಣಗಿ ಮಾಸಲಾಯಿತು. ನಲ್ಲಿ ನೀರಿನಲ್ಲಿ ಹಿಡಿದರೂ ಅಲುಗಲಿಲ್ಲ. ಇನ್ನೊಂದು ಅರ್ಧ ಗಂಟೆಯಾದರೂ ಅಂಟಂಟಾಗೇ ಇತ್ತು. ನೀರು ಬಿದ್ದ ಕೂಡಲೇ ಕೆಂಪಗೆ ಹರಿದುಹೋಯಿತು. ಧಾರೆಯ ಹೊತ್ತಿನವರೆಗೂ ಆ ಹುಡುಗಿಯ ತುಟಿ ಒಣಗದಿದ್ದದ್ದು ಯಾಕೆ ಎಂದು ಸುಮಾಗೆ ಆಗ ಗೊತ್ತಾಯಿತು. ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ವಾಪಸ್ ಕಳಿಸುವುದೋ, ಇಟ್ಟುಕೊಳ್ಳುವುದೋ

ಸುಮಾ ವ್ಯಾಪಾರಿಗೆ ಫೋನ್ ಮಾಡಿದಳು. ಅವನು ಮೊದಲು "ಲಾಟ್ ಬೇರೆ ಮೇಡಂ, ಅದಕ್ಕೇ ಪ್ಯಾಕಿಂಗ್ ಬೇರೆ" ಎಂದ. ಬ್ಯಾಚ್ ನಂಬರಿನ ಮಾತು ಎತ್ತಿದ ಮೇಲೆ ದನಿ ಬದಲಾಯಿತು. ಎಲ್ಲವನ್ನೂ ವಾಪಸ್ ಕಳಿಸಿಬಿಡಿ, ಪೂರ್ತಿ ದುಡ್ಡು ಕೊಡ್ತೀನಿ ಎಂದ.

ಇಡೀ ಪ್ರಕರಣದಲ್ಲಿ ಕಷ್ಟದ ತೀರ್ಮಾನ ಇದೇ ಆಗಿತ್ತು. 7,440 ರೂಪಾಯಿ ಅವಳಿಗೆ ಚಿಕ್ಕ ಮೊತ್ತವಲ್ಲ. ಆದರೆ ಮಾಲು ವಾಪಸ್ ಹೋದರೆ ಅದು ಅದೇ ವಾರ ಇನ್ನೊಂದು ಊರಿನ ಪಾರ್ಲರಿಗೆ ಹೋಗುತ್ತದೆ. ಅವಳ ಕೈಯಲ್ಲಿ ಸಾಕ್ಷಿಯೂ ಉಳಿಯುವುದಿಲ್ಲ. ಐದು ಪೀಸು ಬಳಕೆಗೆ ತೆಗೆದಾಗಿತ್ತು, 19 ಸೀಲ್ ಒಡೆಯದೆ ಇದ್ದವು. ಅವಳು ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಬಂದು "ಇಟ್ಕೋತೀನಿ ಅಣ್ಣಾ" ಎಂದಳು. ಹತ್ತೊಂಬತ್ತನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿದೆವು. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಬಸ್ ಪಾರ್ಸಲ್ ರಸೀದಿ, ವಾಟ್ಸ್ಆ್ಯಪ್ ಮಾತುಕತೆ ಎಲ್ಲವನ್ನೂ ಪ್ರಿಂಟ್ ತೆಗೆದಿಟ್ಟೆವು.

ಕಂಪನಿಯ ಗ್ರಾಹಕ ವಿಭಾಗಕ್ಕೆ ಮೇಲ್ ಬರೆದಳು. ನಕಲಿ ಎಂದು ದೂರಲಿಲ್ಲ. ಈ ಬ್ಯಾಚ್ ನಂಬರ್ ಈ ಆರು ಶೇಡುಗಳಿಗೆ ಸೇರಿದ್ದೇ ಎಂದಷ್ಟೇ ಕೇಳಿ ಫೋಟೋಗಳನ್ನು ಹಾಕಿದಳು. ಇದು ಒಳ್ಳೆಯದಾಯಿತು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಅದು. ಒಂಬತ್ತು ದಿನದಲ್ಲಿ ಉತ್ತರ ಬಂತು. ಆ ಬ್ಯಾಚ್ ನಂಬರ್ ನಿಜವಾದದ್ದೇ, ಆದರೆ ಅದು ಒಂದೇ ಶೇಡಿನದು. ಉಳಿದ ಐದು ಶೇಡುಗಳನ್ನು ಆ ನಂಬರಿನಲ್ಲಿ ಯಾವತ್ತೂ ಮಾಡಿಲ್ಲ. ಆ ವ್ಯಾಪಾರಿ ತಮ್ಮ ಪಟ್ಟಿಯಲ್ಲೂ ಇಲ್ಲ. ಕಾಜಲ್ ಅಸಲಿ ಎಂದು ತಿಳಿದದ್ದೂ ಇದೇ ಮೇಲಿನಲ್ಲಿ.

ಆ ಮೇಲ್ ಹಿಡಿದುಕೊಂಡು ಜಿಲ್ಲೆಯ ಡ್ರಗ್ಸ್ ಇನ್ಸ್‌ಪೆಕ್ಟರ್ ಬಳಿ ಹೋದೆವು. ಕಾಸ್ಮೆಟಿಕ್ ಕೂಡ ಅವರ ವ್ಯಾಪ್ತಿಗೇ ಬರುತ್ತದೆ ಎನ್ನುವುದು ಸುಮಾಗೆ ಗೊತ್ತಿರಲಿಲ್ಲ. 1940ರ ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ಕಾಯ್ದೆಯಲ್ಲಿ ಬೇರೆಯವರ ಹೆಸರಿನಲ್ಲಿ ಮಾಡಿದ ಕಾಸ್ಮೆಟಿಕ್ಕಿಗೆ 17ಡಿ ಎಂಬ ಪ್ರತ್ಯೇಕ ಕಲಮೇ ಇದೆ. ಅಂಥದ್ದನ್ನು ಮಾಡಿದರೂ ಮಾರಿದರೂ ಮೂರು ವರ್ಷದವರೆಗೆ ಜೈಲು ಆಗಬಹುದು. ದಂಡ ಕಡಿಮೆಯೆಂದರೂ 50,000 ರೂಪಾಯಿ. ಅವರು ಸಮಾಧಾನವಾಗಿ ಎಲ್ಲಾ ಕೇಳಿದರು. ನಮ್ಮ ಲೂಪ್, ನಮ್ಮ ಲೆಕ್ಕ ಅನುಮಾನಕ್ಕೆ ಸಾಕು, ಕೋರ್ಟಿಗೆ ಸಾಲದು ಎಂದರು. ಅವರೇ ಕ್ರಮಪ್ರಕಾರ ಸ್ಯಾಂಪಲ್ ತೆಗೆದು ಸರ್ಕಾರಿ ಲ್ಯಾಬಿಗೆ ಕಳಿಸಬೇಕು, ಅದೂ ಮಾರುವವನ ಅಂಗಡಿಯಿಂದಲೇ ಸಿಕ್ಕರೆ ಒಳ್ಳೆಯದು. ಪಕ್ಕಾ ಬಿಲ್ ಇದ್ದಿದ್ದರೆ ಅಂಗಡಿಯ ವಿಳಾಸ ಅದರಲ್ಲೇ ಇರುತ್ತಿತ್ತು. ಈಗ ಕೈಯಲ್ಲಿದ್ದದ್ದು ಒಂದು ಫೋನ್ ನಂಬರ್. ಅಷ್ಟರಲ್ಲಿ ಅದೂ ಸ್ವಿಚ್ ಆಫ್ ಆಗಿತ್ತು.

ಸುಮಾ ಕೊಟ್ಟ ದೂರನ್ನು ಅವರು ಬರೆದುಕೊಂಡು ಬೆಂಗಳೂರಿನ ಕಚೇರಿಗೆ ಕಳಿಸಿದರು. ಪೆಟ್ಟಿಗೆ ಅವರ ಬಳಿ ಇದೆ. ದುಡ್ಡು ಬಂದಿಲ್ಲ, ಬರುವ ಹಾಗೂ ಕಾಣುತ್ತಿಲ್ಲ. ಆ ನಂಬರನ್ನು ಹಾಕಿದ್ದ ಗುಂಪಿನಲ್ಲಿ ಸುಮಾ ಬಾರ್‌ಕೋಡ್ ಸ್ಕ್ಯಾನ್ ಮಾಡುವ ವಿಡಿಯೋ ಹಾಕಿದಳು. ಬೇರೆ ಊರುಗಳ ನಾಲ್ವರು ತಮ್ಮ ಡಬ್ಬಿ ತೆಗೆದು ನೋಡಿದರು. ಮೂವರದ್ದು ಅದೇ ಬ್ಯಾಚ್ ನಂಬರ್.

ಅವಳು ಮದುಮಗಳ ಮನೆಗೂ ಹೋದಳು. ಬೇಡ ಎಂದು ಸುಮಾಳ ಗಂಡ ಹೇಳಿದ್ದರು, ನಾನೂ ಒಂದು ಗಳಿಗೆ ಹಿಂಜರಿದಿದ್ದೆ. ಅವಳು ಕೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ತಂಗಿಯ ಚಿಕಿತ್ಸೆಯ ಖರ್ಚು ಕೊಟ್ಟಳು. ಆ ತಂಗಿಯ ಜೊತೆಯಲ್ಲೇ ಮತ್ತೊಮ್ಮೆ ಚರ್ಮದ ಡಾಕ್ಟರ ಬಳಿಗೂ ಹೋದಳು. ಆ ಹುಡುಗಿಗೆ ಯಾವ ಪದಾರ್ಥ ಆಗುವುದಿಲ್ಲ ಎಂದು ಪ್ಯಾಚ್ ಟೆಸ್ಟ್ ಮಾಡಿ ಹೇಳಬಹುದೇ ಎಂದು ಕೇಳಿದರು. ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಇಟ್ಟರು. ಒಳಗೆ ಏನಿದೆ ಎಂದು ಗೊತ್ತಿಲ್ಲದ್ದನ್ನು ಚರ್ಮಕ್ಕೆ ಹಚ್ಚಿ ಪರೀಕ್ಷೆ ಮಾಡುವುದಿಲ್ಲ ಎಂದರು. ಅಸಲಿ ಆಗಿದ್ದರೆ ಪಟ್ಟಿಯಲ್ಲಿರುವ ಒಂದೊಂದನ್ನೇ ನೋಡಬಹುದಿತ್ತು. ಈ ಪಟ್ಟಿ ಈ ಟ್ಯೂಬಿನದ್ದಲ್ಲ. ಯಾವುದನ್ನು ಮುಂದೆ ಬಳಸಬಾರದು ಎಂದು ಬರೆದುಕೊಡಬೇಕಾದ ಚೀಟಿಯಲ್ಲಿ ಅವರು ಮುಲಾಮಿನ ಹೆಸರು ಮಾತ್ರ ಬರೆದು ಕೊಟ್ಟರು.